ಅಡ ಇಟ್ಟ ಷೇರು ಮಾರಾಟಕ್ಕೆ ಬಂದರೆ ಬೆಲೆ ಯಾಕೆ ಇನ್ನಷ್ಟು ಕುಸಿಯುತ್ತದೆ?

ಚಿಕ್ಕಮಗಳೂರಿನಲ್ಲಿ ಷೇರಿನ ಮಾತು ಎಲ್ಲಿಂದ ಶುರುವಾದರೂ ಒಂದಲ್ಲ ಒಂದು ಹಂತದಲ್ಲಿ 2019ರ ಜುಲೈ ತಿಂಗಳಿಗೆ ಬರುತ್ತದೆ. ಕಾಫಿ ಡೇ ಎಂಟರ್‌ಪ್ರೈಸಸ್ ಸ್ಥಾಪಕ ವಿ.ಜಿ. ಸಿದ್ಧಾರ್ಥ ಕಾಣೆಯಾಗಿದ್ದಾರೆ ಎಂಬ ಸುದ್ದಿ ಬಂದ ಜುಲೈ 30ರಂದು ಕಂಪನಿಯ ಷೇರು ಶೇ 20ರಷ್ಟು ಬಿತ್ತು. ಮರುದಿನ, ಅವರು ತೀರಿಕೊಂಡಿದ್ದು ಖಚಿತವಾದಾಗ, ಮತ್ತೆ ಶೇ 20. ಎರಡೇ ದಿನದಲ್ಲಿ 190 ರೂಪಾಯಿ ಆಸುಪಾಸಿನಲ್ಲಿದ್ದ ಷೇರು 125ಕ್ಕಿಂತ ಕೆಳಗಿಳಿಯಿತು. 2015ರ ಐಪಿಒದಲ್ಲಿ 328 ರೂಪಾಯಿ ಕೊಟ್ಟು ಕೊಂಡವರು ನಮ್ಮ ಕಡೆ ಕಡಿಮೆ ಇರಲಿಲ್ಲ. ಊರಿನ ಕಂಪನಿ ಅನ್ನೋ ಪ್ರೀತಿಯಿಂದ ಕೊಂಡವರೇ ಜಾಸ್ತಿ. ಅಂಗಡಿಗಳು ತೆರೆದೇ ಇವೆ, ಜನ ಕಾಫಿ ಕುಡಿಯುತ್ತಲೇ ಇದ್ದಾರೆ, ಹಾಗಿದ್ದೂ ಷೇರು ಹೀಗೆ ಬೀಳುವುದು ಯಾಕೆ ಎಂಬ ಪ್ರಶ್ನೆ ಅವರನ್ನು ಬಹಳ ಕಾಡಿತು.

ಕಾರಣ ಒಂದೇ ಅಲ್ಲ. ಸ್ಥಾಪಕರನ್ನು ಕಳೆದುಕೊಂಡ ಕಂಪನಿ ಅದು. ಸಾಲ ನಿಜಕ್ಕೂ ಎಷ್ಟಿದೆ ಎಂಬ ಭಯವೂ ಮಾರುಕಟ್ಟೆಯಲ್ಲಿತ್ತು. ಆದರೆ ಇದರ ಜೊತೆಗೆ ಎಲ್ಲರ ಕಣ್ಣೆದುರಿಗೇ ಇದ್ದ ಇನ್ನೊಂದು ಸಂಗತಿ ಇತ್ತು. ಆ ಜೂನ್ ಕೊನೆಯ ಲೆಕ್ಕದಂತೆ, ಪ್ರಮೋಟರ್‌ಗಳ, ಅಂದರೆ ಕಂಪನಿ ಕಟ್ಟಿ ಅದರ ಹಿಡಿತ ಇಟ್ಟುಕೊಂಡವರ ಕೈಯಲ್ಲಿದ್ದ ಷೇರುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಸಾಲಕ್ಕೆ ಅಡ ಇಟ್ಟಿದ್ದವು. ಅದು ಗುಟ್ಟಿನ ವಿಷಯವಲ್ಲ, ಎಕ್ಸ್‌ಚೇಂಜ್ ವೆಬ್‌ಸೈಟಿನಲ್ಲೇ ಇತ್ತು. ಆ ಅಂಕಿಯ ಅರ್ಥ ಏನು, ಅದು ಬೆಲೆಯನ್ನು ಹೇಗೆ ಕೆಳಕ್ಕೆ ಎಳೆಯುತ್ತದೆ ಎಂಬ ಒಂದೇ ಎಳೆಯನ್ನು ಇಲ್ಲಿ ಬಿಡಿಸಿ ನೋಡೋಣ.

ಪ್ಲೆಡ್ಜ್ ಅಂದರೆ ಷೇರು ಮಾರುವುದಲ್ಲ. ಪ್ರಮೋಟರ್‌ಗೆ ಹಣ ಬೇಕು, ಆದರೆ ಕಂಪನಿಯ ಮೇಲಿನ ಹಿಡಿತ ಬಿಡಲು ಮನಸ್ಸಿಲ್ಲ. ಆಗ ತನ್ನ ಷೇರನ್ನು ಬ್ಯಾಂಕಿಗೋ ಹಣಕಾಸು ಕಂಪನಿಗೋ ಅಡ ಇಟ್ಟು ಸಾಲ ತೆಗೆಯುತ್ತಾನೆ. ಷೇರು ಅವನ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ. ಆದರೆ ಡಿಮ್ಯಾಟ್ ಷೇರುಗಳ ಲೆಕ್ಕ ಇಡುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ದಾಖಲೆಯಲ್ಲಿ ಅದರ ಮೇಲೆ ಸಾಲ ಕೊಟ್ಟವರ ಹೆಸರಿನಲ್ಲಿ ಪ್ಲೆಡ್ಜ್ ಬೀಳುತ್ತದೆ. ಅವರು ಬಿಡುವ ತನಕ ಆ ಷೇರು ಮಾರಲು ಆಗುವುದಿಲ್ಲ. ಮತ ಹಾಕುವ ಹಕ್ಕು ಸಾಮಾನ್ಯವಾಗಿ ಪ್ರಮೋಟರ್‌ಗೇ ಉಳಿಯುತ್ತದೆ. ಸಾಲ ತೀರಿಸದಿದ್ದರೆ ಅಥವಾ ಒಪ್ಪಂದದ ಷರತ್ತು ಮುರಿದರೆ ಸಾಲ ಕೊಟ್ಟವರು ಪ್ಲೆಡ್ಜನ್ನು ಇನ್ವೋಕ್ ಮಾಡುತ್ತಾರೆ, ಅಂದರೆ ಷೇರನ್ನು ತಮ್ಮ ಖಾತೆಗೆ ಎಳೆದುಕೊಳ್ಳುತ್ತಾರೆ. ಆಮೇಲೆ ಮಾರುತ್ತಾರೆ.

ಮಲೆನಾಡಿನವರಿಗೆ ಅಡಮಾನ ಹೊಸದೇನಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಮೂಟೆ ಇಟ್ಟು, ಆ ದಾಸ್ತಾನಿನ ಮೇಲೆ ಬ್ಯಾಂಕಿನಲ್ಲಿ ಸಾಲ ತೆಗೆಯುವುದು ಇಲ್ಲಿ ಎಲ್ಲರಿಗೂ ಗೊತ್ತು. ಕಾಫಿ ದರ ಇಳಿದರೆ ಬ್ಯಾಂಕ್ ಇನ್ನಷ್ಟು ಮೂಟೆ ಇಡಿ ಅನ್ನುತ್ತದೆ, ಇಲ್ಲವೇ ಸ್ವಲ್ಪ ಹಣ ಕಟ್ಟಿ ಅನ್ನುತ್ತದೆ. ಇಲ್ಲಿಯ ತನಕ ಎರಡೂ ಒಂದೇ ಥರ. ಆದರೆ ಬ್ಯಾಂಕ್ ಒಬ್ಬ ಬೆಳೆಗಾರನ ನೂರು ಮೂಟೆ ರೋಬಸ್ಟಾ ಹರಾಜು ಹಾಕಿತು ಅಂದುಕೊಳ್ಳಿ. ಅದರಿಂದ ಲಂಡನ್ ಮಾರುಕಟ್ಟೆಯ ದರ ಒಂದು ಪೈಸೆಯೂ ಅಲುಗಾಡುವುದಿಲ್ಲ. ಆ ದರ ನಿಂತಿರುವುದು ವಿಯೆಟ್ನಾಂ, ಬ್ರೆಜಿಲ್ ಬೆಳೆಯ ಮೇಲೆ. ಷೇರಿನಲ್ಲಿ ಹಾಗಲ್ಲ. ಒಂದೇ ಕಂಪನಿಯ ಕಾಲು ಭಾಗ, ಮೂರನೇ ಒಂದು ಭಾಗ ಷೇರು ಅಡಮಾನದಲ್ಲಿ ಕೂತಿರಬಹುದು. ಅದು ಮಾರಾಟಕ್ಕೆ ಬಂದರೆ ಮಾರುಕಟ್ಟೆ ಅಂದರೆ ಬಹುಪಾಲು ಅದೇ. ಮಾರುವವರ ಕೈಯೇ ಬೆಲೆಯನ್ನು ಬೀಳಿಸುತ್ತದೆ, ಬಿದ್ದ ಬೆಲೆ ಮತ್ತೆ ಅವರನ್ನೇ ಇನ್ನಷ್ಟು ಮಾರಲು ತಳ್ಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಕಂಪನಿ ಕಾಲ್ಪನಿಕ, ಹೆಸರು ಬೇಡ. ಒಟ್ಟು 10 ಕೋಟಿ ಷೇರು. ಒಂದರ ಬೆಲೆ 200 ರೂಪಾಯಿ. ಪ್ರಮೋಟರ್ ಕೈಯಲ್ಲಿ ಅರ್ಧ, ಅಂದರೆ 5 ಕೋಟಿ ಷೇರು. ಅವರು 300 ಕೋಟಿ ರೂಪಾಯಿ ಸಾಲ ತೆಗೆಯುತ್ತಾರೆ. ಸಾಲದ ಎರಡು ಪಟ್ಟು ಬೆಲೆಯ ಷೇರು ಯಾವಾಗಲೂ ಅಡ ಇರಬೇಕು ಎಂಬುದು ಷರತ್ತು. ಇದಕ್ಕೆ ಕವರ್ ಅನ್ನುತ್ತಾರೆ. 600 ಕೋಟಿ ರೂಪಾಯಿಯ ಷೇರು ಅಂದರೆ 200 ರೂಪಾಯಿ ದರದಲ್ಲಿ 3 ಕೋಟಿ ಷೇರು. ಪ್ರಮೋಟರ್ ಪಾಲಿನ ಶೇ 60 ಅಡಕ್ಕೆ ಹೋಯಿತು.

ಈಗ ಬೆಲೆ 160ಕ್ಕೆ ಇಳಿಯಿತು ಅನ್ನಿ. ಕಂಪನಿಯಲ್ಲಿ ದೊಡ್ಡ ತೊಂದರೆಯೇ ಆಗಬೇಕಿಲ್ಲ, ಮಾರುಕಟ್ಟೆ ಒಟ್ಟಾರೆ ಬಿದ್ದಿದ್ದರೂ ಸಾಕು. 600 ಕೋಟಿಯ ಕವರ್ ಉಳಿಸಲು ಈಗ 3.75 ಕೋಟಿ ಷೇರು ಬೇಕು. ಪ್ರಮೋಟರ್ ಇನ್ನೂ 75 ಲಕ್ಷ ಷೇರು ಅಡ ಇಡುತ್ತಾರೆ. ಪ್ಲೆಡ್ಜ್ ಶೇ 75 ಆಯಿತು. ಬೆಲೆ 120ಕ್ಕೆ ಬಂದಾಗ ಪೂರ್ತಿ 5 ಕೋಟಿ ಷೇರೂ ಬೇಕಾಗುತ್ತದೆ. ಪ್ಲೆಡ್ಜ್ ಶೇ 100. ಗಮನಿಸಿ, ಈ ನಡುವೆ ಸಾಲ ಒಂದು ರೂಪಾಯಿಯೂ ಹೆಚ್ಚಿಲ್ಲ. ಪ್ಲೆಡ್ಜ್ ಏರಿದೆ ಅಂದ ತಕ್ಷಣ ಪ್ರಮೋಟರ್ ಹೊಸ ಸಾಲ ಮಾಡಿದ್ದಾರೆ ಎಂದು ಬಹಳ ಜನ ತಿಳಿಯುತ್ತಾರೆ. ಎಷ್ಟೋ ಸಲ ಅದು ಹಳೆಯ ಸಾಲಕ್ಕೇ ಕೊಟ್ಟ ಹೆಚ್ಚುವರಿ ಅಡಮಾನ. ನನ್ನ ಮಟ್ಟಿಗೆ ಹೊಸ ಸಾಲಕ್ಕಿಂತ ಇದೇ ಹೆಚ್ಚು ಆತಂಕದ ಸೂಚನೆ. ಯಾಕೆಂದರೆ ಪ್ರಮೋಟರ್ ಹತ್ತಿರ ನಗದು ಕಟ್ಟುವ ಶಕ್ತಿ ಇಲ್ಲ, ಷೇರು ಮಾತ್ರ ಇದೆ ಎಂಬುದನ್ನು ಇದು ತೋರಿಸುತ್ತದೆ.

120ರ ಕೆಳಗೆ ಕೊಡಲು ಏನೂ ಉಳಿದಿಲ್ಲ. ಕವರ್ ಒಂದೂವರೆ ಪಟ್ಟಿಗೆ ಇಳಿದರೆ ಮಾರುವ ಹಕ್ಕು ಸಾಲ ಕೊಟ್ಟವರಿಗೆ ಬರುತ್ತದೆ ಎಂದು ಒಪ್ಪಂದದಲ್ಲಿ ಇದೆ ಅಂದುಕೊಳ್ಳಿ. 5 ಕೋಟಿ ಷೇರಿನ ಬೆಲೆ 450 ಕೋಟಿ ಆಗುವುದು 90 ರೂಪಾಯಿಯಲ್ಲಿ. ಅಂದರೆ 90 ಬಂದ ದಿನ ನೋಟಿಸ್ ಹೋಗುತ್ತದೆ. ಪ್ರಮೋಟರ್ ಹಣ ಕಟ್ಟಲಾರರು. ಮಾರಾಟ ಶುರುವಾಗಬೇಕು.

ಕಾಗದದ ಮೇಲೆ ಸಾಲ ಕೊಟ್ಟವರು ಆರಾಮಾಗಿದ್ದಾರೆ, ಅಲ್ವಾ? 300 ಕೋಟಿ ಸಾಲಕ್ಕೆ 450 ಕೋಟಿಯ ಷೇರು ಇದೆ. 90 ರೂಪಾಯಿ ದರದಲ್ಲಿ 3.33 ಕೋಟಿ ಷೇರು ಮಾರಿದರೆ ಸಾಲ ವಸೂಲು. ಆದರೆ ಆ 3.33 ಕೋಟಿ ಷೇರನ್ನು ಕೊಳ್ಳುವವರು ಯಾರು? ಈ ಷೇರಿನಲ್ಲಿ ದಿನಕ್ಕೆ ನಿಜವಾಗಿ ಕೈ ಬದಲಾಗುವುದು 4 ಲಕ್ಷ ಷೇರು ಅಂದುಕೊಳ್ಳೋಣ. ಬೆಳಿಗ್ಗೆ ಕೊಂಡು ಸಂಜೆ ಮಾರುವವರ ವಹಿವಾಟು ಇದರಲ್ಲಿ ಸೇರಿಲ್ಲ, ಡೆಲಿವರಿ ತೆಗೆದುಕೊಳ್ಳುವವರದ್ದು ಮಾತ್ರ. ಬೇರೆ ಯಾರೂ ಒಂದು ಷೇರನ್ನೂ ಮಾರದೆ, ಬಂದ ಕೊಳ್ಳುವವರೆಲ್ಲ ಇವರಿಂದಲೇ ಕೊಂಡರೂ 83 ದಿನ ಬೇಕು. ಬೆಲೆ ಕೆಡದ ಹಾಗೆ ದಿನದ ಡೆಲಿವರಿಯ ಕಾಲು ಭಾಗ ಮಾತ್ರ ಮಾರುತ್ತೇವೆ ಅಂದರೆ 333 ದಿನ, ಅಂದರೆ ವಹಿವಾಟಿನ ಒಂದು ವರ್ಷಕ್ಕಿಂತ ಜಾಸ್ತಿ. ಅಷ್ಟು ಕಾಯಲು ಸಾಲ ಕೊಟ್ಟವರು ಸಿದ್ಧರಿಲ್ಲ. ಹಾಗಾಗಿ ಬೇಗ ಮಾರಬೇಕು, ಬೇಗ ಮಾರಬೇಕಾದರೆ ಕಡಿಮೆ ಬೆಲೆಗೆ ಮಾರಬೇಕು.

ದಿನಕ್ಕೆ ಶೇ 10ಕ್ಕಿಂತ ಹೆಚ್ಚು ಬೀಳಲು ಬಿಡದ ಸರ್ಕ್ಯೂಟ್ ಮಿತಿ ಇರುವ ಷೇರಾದರೆ ಮುಂದಿನ ನಾಲ್ಕು ದಿನ ಹೀಗೆ ಹೋಗಬಹುದು: 81, 73, 66, 59. ನಾಲ್ಕನೇ ದಿನ ಆ 5 ಕೋಟಿ ಷೇರಿನ ಒಟ್ಟು ಬೆಲೆ 295 ಕೋಟಿ. ಸಾಲಕ್ಕಿಂತ ಕಡಿಮೆ. 150 ಕೋಟಿ ರೂಪಾಯಿಯ ರಕ್ಷಣೆ ನಾಲ್ಕೇ ದಿನದಲ್ಲಿ ಕರಗಿಹೋಯಿತು. ಲೋವರ್ ಸರ್ಕ್ಯೂಟ್‌ನಲ್ಲಿ ಮಾರುವವರ ಸಾಲು ಮಾತ್ರ ಇರುತ್ತದೆ, ಕೊಳ್ಳುವವರು ಇರುವುದಿಲ್ಲ. ಹಾಗಾಗಿ ಈ ನಾಲ್ಕು ದಿನದಲ್ಲಿ ಇವರು ಹೆಚ್ಚೇನೂ ಮಾರಿರುವುದಿಲ್ಲ.

ಈ ಕುಸಿತದ ತಿರುಳು ಇಲ್ಲಿದೆ. ಸಾಮಾನ್ಯ ಮನುಷ್ಯ ಬೆಲೆ ಬಿದ್ದರೆ ಮಾರುವುದನ್ನು ನಿಲ್ಲಿಸುತ್ತಾನೆ. ಈ ದರಕ್ಕೆ ಬೇಡ, ಇನ್ನೊಂದು ತಿಂಗಳು ನೋಡೋಣ ಅನ್ನುತ್ತಾನೆ. ಹೀಗೆ ಮಾರುವವರು ಹಿಂದೆ ಸರಿಯುವುದರಿಂದಲೇ ಬೀಳುವ ಬೆಲೆ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಸಾಲ ವಸೂಲಿಗೆ ಮಾರುವವರ ಲೆಕ್ಕ ಇದಕ್ಕೆ ತದ್ವಿರುದ್ಧ. ಅವರಿಗೆ ಬೇಕಾಗಿರುವುದು ಇಂತಿಷ್ಟು ಕೋಟಿ ರೂಪಾಯಿ. 90ರಲ್ಲಿ 3.33 ಕೋಟಿ ಷೇರು ಮಾರಿದರೆ ಸಾಕಿತ್ತು. 75ರಲ್ಲಿ 4 ಕೋಟಿ ಮಾರಬೇಕು. 60ರಲ್ಲಿ ಪೂರ್ತಿ 5 ಕೋಟಿ. ಬೆಲೆ ಇಳಿದಷ್ಟೂ ಮಾರಾಟಕ್ಕೆ ಬರುವ ಷೇರು ಹೆಚ್ಚುತ್ತಾ ಹೋಗುತ್ತದೆ. ಬೆಲೆಗೆ ತಡೆ ಹಾಕಬೇಕಾದ ಜಾಗದಲ್ಲಿ ಹೊಸ ಹೊರೆ ಬಂದು ಕೂರುತ್ತದೆ.

ಇನ್ನೊಂದು ತೊಡಕು, ಸಾಲ ಕೊಟ್ಟವರು ಒಬ್ಬರೇ ಇರುವುದಿಲ್ಲ. 300 ಕೋಟಿಯನ್ನು ಮೂವರು ತಲಾ 100 ಕೋಟಿಯಂತೆ ಕೊಟ್ಟಿದ್ದಾರೆ ಅನ್ನಿ. ಮೂವರೂ ಸುಮ್ನೆ ಕೂತರೆ ಮೂವರಿಗೂ ಒಳ್ಳೆಯದು. ಆದರೆ ಮೊದಲು ಮಾರಿದವನಿಗೆ 90 ಸಿಗುತ್ತದೆ, ಕೊನೆಯವನಿಗೆ 60 ಸಿಕ್ಕರೆ ಹೆಚ್ಚು. ಪಕ್ಕದವನು ಇಂದು ರಾತ್ರಿ ಏನು ತೀರ್ಮಾನ ಮಾಡುತ್ತಾನೋ ಗೊತ್ತಿಲ್ಲ. ಆಗ ಮೂವರೂ ಬಾಗಿಲಿಗೆ ಓಡುತ್ತಾರೆ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಿಲ್ಲ. ಪ್ರತಿಯೊಬ್ಬರೂ ತಮ್ಮ ಹಣ ಉಳಿಸಿಕೊಳ್ಳಲು ಸರಿಯಾದದ್ದನ್ನೇ ಮಾಡುತ್ತಾರೆ. ಎಲ್ಲ ಸೇರಿ ಆಗುವ ನಷ್ಟ ಮಾತ್ರ ಎಲ್ಲರಿಗೂ ಹೊಡೆಯುತ್ತದೆ. ಅದರಲ್ಲೂ ಸಾಲವನ್ನೂ ಮಾಡದೆ, ಅಡವನ್ನೂ ಇಡದೆ ನೂರಿನ್ನೂರು ಷೇರು ಇಟ್ಟುಕೊಂಡ ಸಣ್ಣ ಹೂಡಿಕೆದಾರರಿಗೆ.

ನಿಯಮಗಳು ಕೂಡ ಕೆಲವೊಮ್ಮೆ ಕಾಯಲು ಬಿಡುವುದಿಲ್ಲ. 2014ರಲ್ಲಿ ರಿಸರ್ವ್ ಬ್ಯಾಂಕ್ ದೊಡ್ಡ ಎನ್‌ಬಿಎಫ್‌ಸಿಗಳಿಗೆ, ಅಂದರೆ ಬ್ಯಾಂಕ್ ಅಲ್ಲದ ಹಣಕಾಸು ಕಂಪನಿಗಳಿಗೆ, ಒಂದು ಮಿತಿ ಹಾಕಿತು. ಷೇರಿನ ಮೇಲೆ ಕೊಡುವ ಸಾಲ ಆ ಷೇರಿನ ಬೆಲೆಯ ಶೇ 50 ದಾಟಬಾರದು, ಬೆಲೆ ಇಳಿದು ಕೊರತೆ ಬಿದ್ದರೆ 7 ಕೆಲಸದ ದಿನದೊಳಗೆ ತುಂಬಿಸಿಕೊಳ್ಳಬೇಕು. ಸಾಲ ಕೊಡುವ ಸಂಸ್ಥೆ ಮುಳುಗಬಾರದು ಎಂಬ ಒಳ್ಳೆಯ ಉದ್ದೇಶದ ನಿಯಮವೇ ಅದು. ಆದರೆ ಬೆಲೆ ಒಂದೇ ವಾರದಲ್ಲಿ ಕುಸಿದಾಗ ಅದೇ ನಿಯಮ ಎಲ್ಲರ ಗಡಿಯಾರವನ್ನೂ ಒಟ್ಟಿಗೆ ಓಡಿಸುತ್ತದೆ.

ಇದು ಬರೀ ಲೆಕ್ಕವಲ್ಲ, ನಡೆದಿರುವ ಸಂಗತಿ. 2019ರ ಫೆಬ್ರವರಿ ಮೊದಲ ವಾರದಲ್ಲಿ ಅನಿಲ್ ಅಂಬಾನಿ ಸಮೂಹದ ಕಂಪನಿಗಳ ಷೇರುಗಳು ನೆಲಕಚ್ಚಿದವು. ಅಡ ಇಟ್ಟಿದ್ದ ಸುಮಾರು 400 ಕೋಟಿ ರೂಪಾಯಿ ಮೌಲ್ಯದ ಷೇರುಗಳನ್ನು ಸಾಲ ಕೊಟ್ಟವರು ಮುಕ್ತ ಮಾರುಕಟ್ಟೆಯಲ್ಲಿ ಮಾರಿದರು, ಅದರಿಂದ ನಾಲ್ಕು ದಿನದಲ್ಲಿ ತಮ್ಮ ಕಂಪನಿಗಳ ಮಾರುಕಟ್ಟೆ ಮೌಲ್ಯ ಸುಮಾರು 13,000 ಕೋಟಿ ರೂಪಾಯಿ ಇಳಿಯಿತು ಎಂದು ಸಮೂಹ ದೂರಿತು. ಸಾಲ ಕೊಟ್ಟವರು ತಾವು ಒಪ್ಪಂದದಂತೆಯೇ ನಡೆದಿದ್ದೇವೆ ಅಂದರು. ಸಮೂಹದ ಒಂದು ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗುತ್ತೇನೆ ಎಂದು ಆಗಷ್ಟೇ ಹೇಳಿತ್ತು. ಹಾಗಾಗಿ ಇಡೀ ಕುಸಿತವನ್ನು ಪ್ಲೆಡ್ಜ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ 400 ಕೋಟಿಯ ಮಾರಾಟ, 13,000 ಕೋಟಿಯ ಕುಸಿತ ಎಂಬ ಈ ಎರಡು ಅಂಕಿಗಳ ನಡುವಿನ ದೂರವನ್ನು ನೋಡಿ. ಕೊಳ್ಳುವವರಿಲ್ಲದ ಮಾರುಕಟ್ಟೆಗೆ ಸ್ವಲ್ಪ ಮಾಲು ಬಂದರೂ ಉಳಿದ ಅಷ್ಟೂ ಷೇರಿನ ಬೆಲೆ ಅದೇ ದರದಲ್ಲಿ ಲೆಕ್ಕವಾಗುತ್ತದೆ.

ಇದಕ್ಕೆ ಸ್ವಲ್ಪ ಮೊದಲು, ಅದೇ ವರ್ಷದ ಜನವರಿ 25ರಂದು, ಜೀ ಎಂಟರ್‌ಟೈನ್‌ಮೆಂಟ್ ಷೇರು ಒಂದೇ ದಿನದಲ್ಲಿ ಸುಮಾರು ಶೇ 26 ಬಿದ್ದಿತ್ತು. ಎಫ್ ಅಂಡ್ ಒ, ಅಂದರೆ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಪಟ್ಟಿಯಲ್ಲಿದ್ದ ಷೇರಾದ್ದರಿಂದ ಶೇ 20ರಲ್ಲಿ ನಿಲ್ಲಿಸುವ ಸರ್ಕ್ಯೂಟ್ ಅದಕ್ಕೆ ಇರಲಿಲ್ಲ. ಪ್ರಮೋಟರ್‌ಗಳ ಷೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಡ ಇತ್ತು. ಆದರೆ ಇಲ್ಲಿ ಕತೆ ಬೇರೆ ದಾರಿ ಹಿಡಿಯಿತು. ಆ ವಾರಾಂತ್ಯದಲ್ಲೇ ಸಾಲ ಕೊಟ್ಟವರೆಲ್ಲ ಕೂತು ಮಾತಾಡಿದರು. ಸೆಪ್ಟೆಂಬರ್ 30ರ ತನಕ ಯಾರೂ ಮಾರುವುದಿಲ್ಲ, ಅಷ್ಟರೊಳಗೆ ಪ್ರಮೋಟರ್ ಪಾಲು ಮಾರಿ ಸಾಲ ತೀರಿಸಬೇಕು ಎಂದು ಒಪ್ಪಿದರು. ಮೂವರೂ ಬಾಗಿಲಿಗೆ ಓಡುವ ಸಮಸ್ಯೆಗೆ ಇದೇ ನೇರ ಮದ್ದು. ಆ ಅವಧಿ ಸಿಕ್ಕಿದ್ದರಿಂದಲೇ, ಈಗಾಗಲೇ ಹೂಡಿಕೆದಾರರಾಗಿದ್ದ ಇನ್ವೆಸ್ಕೊ ಒಪನ್‌ಹೈಮರ್ ಫಂಡ್‌ಗೆ ಶೇ 11ರ ತನಕ ಪಾಲನ್ನು ಷೇರಿಗೆ 400 ರೂಪಾಯಿಯಂತೆ ಮಾರುವ ಒಪ್ಪಂದ ಆ ಜುಲೈ ಕೊನೆಯಲ್ಲಿ ಸಾಧ್ಯವಾಯಿತು. ದೊಡ್ಡ ಗಂಟು ಒಬ್ಬನೇ ಕೊಳ್ಳುವವನಿಗೆ ಹೋಯಿತು, ದಿನದ ಮಾರುಕಟ್ಟೆಯ ಮೇಲೆ ಸುರಿಯಲಿಲ್ಲ. ಹಾಗಂತ ಪ್ರಮೋಟರ್ ಪಾರಾಗಲಿಲ್ಲ. ವರ್ಷದ ಕೊನೆಯ ಹೊತ್ತಿಗೆ ಅವರ ಪಾಲು ಶೇ 5ರ ಆಸುಪಾಸಿಗೆ ಇಳಿದಿತ್ತು.

ಕಾಯುವುದಕ್ಕೂ ಬೆಲೆ ಇದೆ. ಜೀ ಪ್ರಮೋಟರ್‌ಗಳ ಸಮೂಹಕ್ಕೆ ಸಾಲ ಕೊಟ್ಟವರಲ್ಲಿ ಮ್ಯೂಚುವಲ್ ಫಂಡ್‌ಗಳೂ ಇದ್ದವು. ಅಲ್ಲಿರುವುದು ಸಾಮಾನ್ಯ ಜನರ ಉಳಿತಾಯ. 2019ರ ಏಪ್ರಿಲ್‌ನಲ್ಲಿ ಕೋಟಕ್ ಫಂಡ್‌ನ ಎಫ್‌ಎಂಪಿ ಎಂಬ ಕೆಲವು ನಿಗದಿತ ಅವಧಿಯ ಯೋಜನೆಗಳು ಮುಗಿದಾಗ ಹೂಡಿಕೆದಾರರಿಗೆ ಪೂರ್ತಿ ಹಣ ಒಟ್ಟಿಗೆ ಸಿಗಲಿಲ್ಲ, ಸ್ವಲ್ಪ ಭಾಗ ತಡೆದಿಡಬೇಕಾಯಿತು. ಷೇರು ಇಟ್ಟುಕೊಂಡವರನ್ನು ಉಳಿಸಲು ಹೋಗಿ ಫಂಡಿನಲ್ಲಿ ಹಣ ಇಟ್ಟವರು ಕಾಯಬೇಕಾಯಿತು. ಇದನ್ನು ನೋಡಿದ ಮಾರುಕಟ್ಟೆ ನಿಯಂತ್ರಕ ಸೆಬಿ ಆ ಜೂನ್‌ನಲ್ಲಿ ಮ್ಯೂಚುವಲ್ ಫಂಡ್‌ಗಳು ಇಂಥ ತಡೆ ಒಪ್ಪಂದ ಮಾಡಿಕೊಳ್ಳಬಾರದು ಎಂದಿತು. ಷೇರಿನ ಆಧಾರದ ಮೇಲೆ ನಿಂತ ಸಾಲಪತ್ರ ಕೊಳ್ಳುವುದಾದರೆ ಕನಿಷ್ಠ ನಾಲ್ಕು ಪಟ್ಟು ಕವರ್ ಇರಬೇಕು ಎಂದೂ ಹೇಳಿತು. ನಮ್ಮ ಲೆಕ್ಕದ ಕಂಪನಿಗೆ ಇದನ್ನು ಹಾಕಿ ನೋಡಿದರೆ, 200 ರೂಪಾಯಿ ದರದಲ್ಲಿ ಪೂರ್ತಿ 5 ಕೋಟಿ ಷೇರು ಇಟ್ಟರೂ 250 ಕೋಟಿಗಿಂತ ಹೆಚ್ಚು ಸಾಲ ಹುಟ್ಟುವುದಿಲ್ಲ. ಸಾಲದ ಗಾತ್ರವನ್ನೇ ಮೊದಲು ಕತ್ತರಿಸುವುದು ಸರಿಯಾದ ಕ್ರಮ ಅಂತ ನನಗೆ ಅನ್ನಿಸುತ್ತದೆ. ಕುಸಿತ ಶುರುವಾದ ಮೇಲೆ ಮಾಡಲು ಉಳಿಯುವುದು ಕಡಿಮೆ.

ಎಲ್ಲ ಪ್ಲೆಡ್ಜೂ ಒಂದೇ ಥರ ಅಪಾಯಕಾರಿ ಅಂದುಕೊಳ್ಳಬಾರದು. ವಿದ್ಯುತ್, ರಸ್ತೆ ಯೋಜನೆಗಳಿಗೆ ಸಾಲ ಕೊಡುವ ಬ್ಯಾಂಕುಗಳು ಜಮೀನು, ಯಂತ್ರದ ಜೊತೆಗೆ ಪ್ರಮೋಟರ್ ಷೇರನ್ನೂ ಹೆಚ್ಚುವರಿ ಭದ್ರತೆಯಾಗಿ ಬರೆಸಿಕೊಳ್ಳುತ್ತವೆ. ಅಲ್ಲಿ ಬೆಲೆ ಇಳಿಯಿತು ಅಂತ ಫೋನ್ ಬರುವುದು ಅಪರೂಪ. ಇನ್ವೋಕ್ ಮಾಡಿದವರೆಲ್ಲ ತಕ್ಷಣ ಮಾರುತ್ತಾರೆ ಎಂದೂ ಇಲ್ಲ. ಯೆಸ್ ಬ್ಯಾಂಕ್ 2020ರಲ್ಲಿ ಡಿಶ್ ಟಿವಿಯ ಅಡಮಾನದ ಷೇರುಗಳನ್ನು ತನ್ನದಾಗಿಸಿಕೊಂಡು, ಸುಮಾರು ಕಾಲು ಭಾಗ ಪಾಲಿನ ಒಡೆಯನಾಗಿ ಕೂತಿತು. ಅಪಾಯ ಇರುವುದು ಷೇರಿನ ಬೆಲೆಯೊಂದನ್ನೇ ನಂಬಿ ಕೊಟ್ಟ ಸಾಲದಲ್ಲಿ. ಪ್ರಮೋಟರ್ ತನ್ನ ಬೇರೆ ವ್ಯವಹಾರಕ್ಕೆ ಅಥವಾ ಹಳೆಯ ಸಾಲದ ಬಡ್ಡಿ ಕಟ್ಟಲು ತೆಗೆದ ಸಾಲ ಬಹಳ ಸಲ ಈ ಜಾತಿಯದು.

ಹಾಗಾದರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಕೂತು ಫೋನಿನಲ್ಲಿ ಷೇರು ಕೊಳ್ಳುವವರು ಇದನ್ನು ಎಲ್ಲಿ ನೋಡಬೇಕು? ಸತ್ಯಂ ಹಗರಣದ ಹೊತ್ತಿನಲ್ಲಿ ಪ್ರಮೋಟರ್ ಷೇರು ಅಡದಲ್ಲಿದ್ದದ್ದು, ಸಾಲ ಕೊಟ್ಟವರು ಅದನ್ನು ಮಾರಿದ್ದು ಹೂಡಿಕೆದಾರರಿಗೆ ತಡವಾಗಿ ಗೊತ್ತಾಯಿತು. 2009ರ ಜನವರಿಯಲ್ಲಿ ಸೆಬಿ ಪ್ಲೆಡ್ಜ್ ವಿವರ ಬಹಿರಂಗ ಮಾಡುವುದನ್ನು ಕಡ್ಡಾಯ ಮಾಡಿತು. ಈಗ ಪ್ರತಿ ಮೂರು ತಿಂಗಳಿಗೆ ಕಂಪನಿ ಕೊಡುವ ಷೇರುದಾರರ ಪಟ್ಟಿಯಲ್ಲಿ ಪ್ರಮೋಟರ್‌ಗಳ ಎಷ್ಟು ಷೇರು ಅಡದಲ್ಲಿದೆ ಎಂಬ ಕಾಲಂ ಇರುತ್ತದೆ. ಬಿಎಸ್‌ಇ, ಎನ್‌ಎಸ್‌ಇ ಎರಡರ ವೆಬ್‌ಸೈಟಿನಲ್ಲೂ ಸಿಗುತ್ತದೆ. ಹೊಸ ಪ್ಲೆಡ್ಜ್, ಇನ್ವೋಕ್, ಬಿಡುಗಡೆ ಯಾವುದಾದರೂ 2022ರ ಮಾರ್ಚ್ ತನಕ ಪ್ರಮೋಟರ್ 7 ಕೆಲಸದ ದಿನದೊಳಗೆ ತಿಳಿಸಬೇಕಿತ್ತು. 2019ರ ಆಗಸ್ಟ್ ನಂತರ ಇನ್ನೊಂದು ನಿಯಮ ಸೇರಿತು. ಪ್ರಮೋಟರ್ ಪಾಲಿನ ಅರ್ಧ ಅಥವಾ ಕಂಪನಿಯ ಒಟ್ಟು ಷೇರಿನ ಶೇ 20 ಅಡಕ್ಕೆ ಹೋದರೆ ಕಾರಣವನ್ನೂ ಬರೆಯಬೇಕು.

ಈ ಪಟ್ಟಿಯಲ್ಲಿ ಶೇಕಡಾವಾರು ಅಂಕಿಗಿಂತ ಷೇರಿನ ಸಂಖ್ಯೆಯನ್ನು ನೋಡಿ. ಆ ಸಂಖ್ಯೆಯನ್ನು ದಿನದ ಸರಾಸರಿ ಡೆಲಿವರಿಯಿಂದ ಭಾಗಿಸಿ. ನಮ್ಮ ಉದಾಹರಣೆಯಲ್ಲಿ 3 ಕೋಟಿಯನ್ನು 4 ಲಕ್ಷದಿಂದ ಭಾಗಿಸಿದರೆ 75 ದಿನ ಬರುತ್ತದೆ. ಅದೇ ಶೇ 60 ಪ್ಲೆಡ್ಜ್ ಇದ್ದು, ದಿನಕ್ಕೆ 60 ಲಕ್ಷ ಷೇರು ಡೆಲಿವರಿ ಆಗುವ ಕಂಪನಿಯಾದರೆ 5 ದಿನ. ಮೊದಲನೆಯದರಲ್ಲಿ ಸಾಲ ಕೊಟ್ಟವರು ಹೊರಬರಲು ದಾರಿಯೇ ಕಿರಿದು, ಎರಡನೆಯದರಲ್ಲಿ ಬೆಲೆ ಅಲುಗಾಡಿದರೂ ಕೊಳ್ಳುವವರು ಸಿಗುತ್ತಾರೆ. ಆಮೇಲೆ ಹಿಂದಿನ ನಾಲ್ಕೈದು ತ್ರೈಮಾಸಿಕದ ಪಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ. ಬೆಲೆ ಇಳಿಯುತ್ತಾ ಹೋದ ಹಾಗೆ ಅಡದ ಷೇರು ಏರುತ್ತಾ ಹೋಗಿದ್ದರೆ 200ರಿಂದ 120ಕ್ಕೆ ಬಂದ ದಾರಿಯಲ್ಲೇ ಆ ಕಂಪನಿ ಇದೆ ಎಂದರ್ಥ.

ಪ್ಲೆಡ್ಜ್ ಕಡಿಮೆಯಾಗಿದ್ದರೆ ಕೂಡ ಒಂದು ಕ್ಷಣ ನಿಲ್ಲಿ. ಸಾಲ ತೀರಿ ಷೇರು ಬಿಡುಗಡೆಯಾದರೂ ಆ ಅಂಕಿ ಇಳಿಯುತ್ತದೆ, ಸಾಲ ಕೊಟ್ಟವರು ಷೇರು ಎಳೆದುಕೊಂಡು ಮಾರಿದರೂ ಇಳಿಯುತ್ತದೆ. ಮೊದಲನೆಯದರಲ್ಲಿ ಪ್ರಮೋಟರ್‌ನ ಒಟ್ಟು ಪಾಲು ಹಾಗೇ ಇರುತ್ತದೆ. ಎರಡನೆಯದರಲ್ಲಿ ಅದೂ ಜೊತೆಗೇ ಇಳಿದಿರುತ್ತದೆ. ಎರಡು ಕಾಲಂಗಳನ್ನೂ ಒಟ್ಟಿಗೆ ಓದಿದರೆ ಯಾವುದು ಅಂತ ಗೊತ್ತಾಗುತ್ತದೆ.